ನೂರು ಚೌಕದ ಗುಡ್ಡ

ಅಕ್ಕನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಕಳೆದ ತಿಂಗಳು ಒಂದು ಭಾನುವಾರ ಕೆಮಿಕಲ್ ಕೈನೆಟಿಕ್ಸ್ ಪಾಠ ತೆರೆದು ಕೂತಿದ್ದವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಒಂದರ ಪಕ್ಕ ಒಂದು ಎರಡು ಗುಡ್ಡಗಳ ಚಿತ್ರ. ಎಡಗಡೆಯದು ಎತ್ತರ, ಚೂಪು. ಬಲಗಡೆಯದು ಕುಳ್ಳು, ಅಗಲ. ಎತ್ತರದ್ದು ತಣ್ಣಗಿನ ಅನಿಲದ್ದು, ಕುಳ್ಳಗಿರುವುದು ಬಿಸಿ ಅನಿಲದ್ದು.

"ಮಾವ, ಬಿಸಿ ಮಾಡಿದ್ರೆ ಜಾಸ್ತಿ ಆಗ್ಬೇಕಲ್ವಾ? ಇದ್ಯಾಕೆ ಕುಗ್ಗಿ ಹೋಗಿದೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಪರೀಕ್ಷೆಗೆ ಬೇಕಾದ ಉತ್ತರ ಅವಳಿಗೆ ಗೊತ್ತಿತ್ತು: 'ಉಷ್ಣತೆ ಏರಿದಂತೆ ಶಿಖರ ಬಲಕ್ಕೆ ಸರಿದು ಚಪ್ಪಟೆಯಾಗುತ್ತದೆ.' ಬರೆದರೆ ಅಂಕವೂ ಸಿಗುತ್ತದೆ. ಆದರೆ ಆ ವಾಕ್ಯ ಬರೆಯುವ ಹತ್ತು ಜನರಲ್ಲಿ ಎಂಟು ಜನ ಚಿತ್ರವನ್ನು ಓದಿರುವುದಿಲ್ಲ, ನೋಡಿರುತ್ತಾರಷ್ಟೇ. ನಾನೂ ಆ ಎಂಟರಲ್ಲಿ ಒಬ್ಬನಾಗಿದ್ದೆ. ಹಾಗಾಗಿ ಪುಸ್ತಕ ಮುಚ್ಚಿಸಿ, ಗ್ರಾಫ್ ಹಾಳೆ ತರಲು ಹೇಳಿದೆ.

ಅನಿಲ ಯಾವುದಿರಲಿ ಎಂದು ಕೇಳಿದಳು. ಸಾರಜನಕವೇ ಇರಲಿ ಎಂದೆ. ನಾವು ಕೂತ ಕೋಣೆಯ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ. ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್. ಈಗ ಈ ಕೋಣೆಯಿಂದ 1000 ಸಾರಜನಕದ ಅಣುಗಳನ್ನು ಹಿಡಿದು, ಆ ಕ್ಷಣದಲ್ಲಿ ಯಾವುದು ಎಷ್ಟು ವೇಗದಲ್ಲಿ ಓಡುತ್ತಿತ್ತು ಎಂದು ಕೇಳಿದೆವು ಅಂದುಕೊಳ್ಳಿ. ಜನಗಣತಿಯಲ್ಲಿ ವಯಸ್ಸಿನ ಪ್ರಕಾರ ಗುಂಪು ಮಾಡುವ ಹಾಗೆ ವೇಗದ ಪ್ರಕಾರ ಗುಂಪು ಮಾಡೋಣ: ಸೆಕೆಂಡಿಗೆ 0ಯಿಂದ 100 ಮೀಟರ್ ಒಂದು ಗುಂಪು, 100ರಿಂದ 200 ಇನ್ನೊಂದು, ಹೀಗೆ.

ಲೆಕ್ಕ ಹಾಕಿದರೆ ಮೊದಲ ಗುಂಪಿಗೆ ಸುಮಾರು 10 ಅಣುಗಳು ಬರುತ್ತವೆ. ಎರಡನೆಯದಕ್ಕೆ 60. ಆಮೇಲೆ ಕ್ರಮವಾಗಿ 131, 183, 193, 165, 118, 72, 38, 18. ಅಲ್ಲಿಗೆ ಸೆಕೆಂಡಿಗೆ 1000 ಮೀಟರ್ ಆಯಿತು. ಅದನ್ನೂ ಮೀರಿ ಓಡುವವು 11ರಷ್ಟು ಉಳಿಯುತ್ತವೆ. (ಹತ್ತಿರದ ಪೂರ್ಣಾಂಕಕ್ಕೆ ತಂದಿರುವುದರಿಂದ ಕೂಡಿದರೆ ಒಂದು ಕಡಿಮೆ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.)

ಅಡ್ಡಕ್ಕೆ ಒಂದು ಸೆಂಟಿಮೀಟರಿಗೆ 100 ಮೀಟರ್ ವೇಗ, ಉದ್ದಕ್ಕೆ ಒಂದು ಸೆಂಟಿಮೀಟರಿಗೆ 10 ಅಣು. ಅವಳು ಕಂಬಗಳನ್ನು ಎಳೆದು, ತಲೆಗಳನ್ನು ನಯವಾದ ಗೆರೆಯಿಂದ ಸೇರಿಸಿದಳು. ಗುಡ್ಡ ಎದ್ದಿತು. ಶಿಖರ 4.2 ಸೆಂಟಿಮೀಟರಿನ ಹತ್ತಿರ, ಅಂದರೆ ಸೆಕೆಂಡಿಗೆ 422 ಮೀಟರಿನ ಮೇಲೆ.

"ಈಗ ಹೇಳು, 422 ಮೀಟರ್ ವೇಗದಲ್ಲಿ ಓಡೋ ಅಣುಗಳು ಎಷ್ಟು?"

ಗೆರೆಯ ಎತ್ತರ ಅಳೆದು "197" ಎಂದಳು. ಮೊದಲ ಬಾರಿ ಎಡವುವುದು ಇಲ್ಲೇ. ಕರಾರುವಾಕ್ಕಾಗಿ 422 ಮೀಟರ್ ವೇಗದಲ್ಲಿ ಓಡುವ ಅಣು ಬಹುಶಃ ಒಂದೂ ಇಲ್ಲ. 422.3 ಇರಬಹುದು, 421.87 ಇರಬಹುದು. ಗೆರೆಯ ಎತ್ತರ ಎಂಬುದು ಅಣುಗಳ ಸಂಖ್ಯೆಯಲ್ಲ, ಆ ವೇಗದ ಆಸುಪಾಸಿನಲ್ಲಿ ಅಣುಗಳು ಎಷ್ಟು ದಟ್ಟವಾಗಿವೆ ಎಂಬುದರ ಅಳತೆ. ಸಂಖ್ಯೆ ಬೇಕಾದರೆ ಅಗಲವನ್ನೂ ಹೇಳಬೇಕು: ಇಷ್ಟರಿಂದ ಇಷ್ಟರವರೆಗೆ. ಎತ್ತರಕ್ಕೆ ಅಗಲ ಗುಣಿಸಿದಾಗ ಬರುವ ವಿಸ್ತೀರ್ಣವೇ ಅಣುಗಳ ಎಣಿಕೆ. ನಮ್ಮ ಹಾಳೆಯಲ್ಲಿ ಒಂದು ಸೆಂಟಿಮೀಟರಿನ ಒಂದು ಚೌಕ ಅಂದರೆ 10 ಅಣು. ಹಿಡಿದದ್ದು 1000. ಹಾಗಾದರೆ ಗೆರೆಯ ಕೆಳಗೆ ಎಷ್ಟು ಚೌಕ ಇರಬೇಕು? ನೂರು. ಅವಳು ತುಂಡು ಚೌಕಗಳನ್ನೆಲ್ಲ ಜೋಡಿಸಿಕೊಂಡು ಎಣಿಸಿದಳು. ಹೆಚ್ಚುಕಡಿಮೆ ನೂರೇ ಬಂತು.

ಗುಡ್ಡ ಎಡಬಲ ಒಂದೇ ಸಮ ಇಲ್ಲ ಎಂಬುದನ್ನು ಅವಳೇ ಗಮನಿಸಿದಳು. ಎಡಕ್ಕೆ ಸೊನ್ನೆಯ ಗೋಡೆ ಇದೆ, ಸೊನ್ನೆಗಿಂತ ನಿಧಾನವಾಗಿ ಯಾರೂ ಓಡಲಾಗದು. ಬಲಕ್ಕೆ ಗೋಡೆ ಇಲ್ಲ, ಬಾಲ ಉದ್ದಕ್ಕೆ ಹರಿಯುತ್ತದೆ. ಹಾಗಾಗಿ ಶಿಖರದ ಎಡಕ್ಕೆ 43 ಪಾಲು ಅಣುಗಳಿದ್ದರೆ ಬಲಕ್ಕೆ 57 ಪಾಲು. ಸರಾಸರಿ ವೇಗವೂ ಇದೇ ಕಾರಣಕ್ಕೆ ಶಿಖರದ ಮೇಲೆ ಕೂರದೆ ಸ್ವಲ್ಪ ಬಲಕ್ಕೆ, 476ರ ಮೇಲೆ ಕೂರುತ್ತದೆ. ವೇಗಗಳ ವರ್ಗಗಳ ಸರಾಸರಿ ತೆಗೆದು ಅದರ ವರ್ಗಮೂಲ ಹಿಡಿದರೆ ಇನ್ನೂ ಆಚೆ, 517. ಪಠ್ಯದಲ್ಲಿ ಮೂರು ಬೇರೆ ಬೇರೆ ಸೂತ್ರಗಳಾಗಿ ಬರುವ ಈ ಮೂರೂ ಒಂದೇ ಗುಡ್ಡದ ಓರೆತನವನ್ನು ಹೇಳುವ ಮೂರು ಗುರುತುಗಳು.

ಗುಡ್ಡ ಸೊನ್ನೆಯಿಂದಲೇ ಏಕೆ ಏಳುತ್ತದೆ, ನಿಧಾನದ ಅಣುಗಳು ಅಷ್ಟು ಕಡಿಮೆ ಏಕೆ? ಇದಕ್ಕೆ ನನಗೆ ನೆನಪಾಗುವುದು ರಾಗಿಯ ಕಣ. ಕಣದ ನಡುವೆ ನಿಂತು ಮೊರದಿಂದ ರಾಗಿ ಸುರಿದರೆ ಕಾಳು ಅತ್ಯಂತ ದಟ್ಟವಾಗಿ ಬೀಳುವುದು ಕಾಲ ಬುಡದಲ್ಲಿ. ದೂರ ಹೋದಂತೆ ವಿರಳ. ಆದರೆ ನಡುವಿನಿಂದ ಒಂದೊಂದು ಗೇಣಿಗೆ ಒಂದೊಂದು ಬಳೆಯಂತೆ ಗೆರೆ ಹಾಕಿ, ಬಳೆಗೆ ಎಷ್ಟು ಕಾಳು ಎಂದು ಎಣಿಸಿದರೆ ಮೊದಲ ಬಳೆಗೇ ಹೆಚ್ಚು ಸಿಗುವುದಿಲ್ಲ. ಅಲ್ಲಿ ದಟ್ಟಣೆ ಇದೆ, ಜಾಗ ಇಲ್ಲ. ಬಹಳ ದೂರದ ಬಳೆಯಲ್ಲಿ ಜಾಗ ಧಾರಾಳ, ಕಾಳಿಲ್ಲ. ನಡುವೆ ಎಲ್ಲೋ ಒಂದು ಬಳೆಗೆ ಅತಿ ಹೆಚ್ಚು ಕಾಳು. ಅಣುಗಳ ಕಥೆಯೂ ಇದೇ. ಬರೀ ಪೂರ್ವ-ಪಶ್ಚಿಮದ ಓಟವನ್ನಷ್ಟೇ ನೋಡಿದರೆ ಅಣುಗಳು ಅತಿ ದಟ್ಟವಾಗಿರುವುದು ಸೊನ್ನೆಯ ಸುತ್ತಲೇ. ಮೂರೂ ದಿಕ್ಕಿನ ಓಟ ಸೇರಿಸಿ ಒಟ್ಟು ವೇಗ ಕೇಳಿದಾಗ ಮಾತ್ರ ಸೊನ್ನೆಯ ಬಳಿ ಜಾಗದ ಬರ ಕಾಣುತ್ತದೆ. ಕಣ ನೆಲದ ಮೇಲಿನದು, ಅಲ್ಲಿ ಬಳೆಯ ಜಾಗ ದೂರದಷ್ಟೇ ಬೆಳೆಯುತ್ತದೆ. ಅಣುಗಳದು ಮೂರು ದಿಕ್ಕು, ಜಾಗ ವೇಗದ ವರ್ಗದಷ್ಟು ಬೆಳೆಯುತ್ತದೆ. ಗುಡ್ಡದ ಎಡ ಮಗ್ಗುಲು ಜಾಗ ಬೆಳೆಯುವ ಮಗ್ಗುಲು, ಬಲ ಮಗ್ಗುಲು ದಟ್ಟಣೆ ಕರಗುವ ಮಗ್ಗುಲು.

ಈಗ ಬಿಸಿ ಮಾಡೋಣ. ಲೆಕ್ಕ ಸುಲಭವಾಗಲಿ ಎಂದು ಒಮ್ಮೆಗೇ ನಾಲ್ಕು ಪಟ್ಟು ಮಾಡಿದೆವು: 300ರಿಂದ 1200 ಕೆಲ್ವಿನ್‌ಗೆ. ಅದು 927 ಡಿಗ್ರಿ ಸೆಲ್ಸಿಯಸ್, ಬೆಳ್ಳಿ ಕರಗುವುದಕ್ಕೆ ಸ್ವಲ್ಪ ಕಡಿಮೆ. ಪಟ್ಟು ಎಣಿಸುವಾಗ ಕೆಲ್ವಿನ್ನಲ್ಲೇ ಎಣಿಸಬೇಕು. 27 ಡಿಗ್ರಿಯ ಇಮ್ಮಡಿ 54 ಡಿಗ್ರಿಯಲ್ಲ, 327 ಡಿಗ್ರಿ. ಶಿಖರದ ವೇಗದ ಸೂತ್ರ ಪುಟ್ಟದು:

`v = √(2RT/M)`

ಉಷ್ಣತೆ ವರ್ಗಮೂಲದೊಳಗೆ ಕೂತಿದೆ. ಹಾಗಾಗಿ ಉಷ್ಣತೆ ನಾಲ್ಕು ಪಟ್ಟಾದರೆ ಶಿಖರದ ವೇಗ ಎರಡೇ ಪಟ್ಟು: 422 ಇದ್ದದ್ದು 844. ಇದಿಷ್ಟನ್ನೂ ಅವಳು ಸಲೀಸಾಗಿ ಮಾಡಿದಳು. ಆಮೇಲೆ ಹೊಸ ಗುಂಪುಗಳ ಲೆಕ್ಕ ಹಾಕುವಾಗ ಪೆನ್ಸಿಲ್ ನಿಂತಿತು. 0ಯಿಂದ 200 ಮೀಟರಿನೊಳಗೆ 10 ಅಣು. 200ರಿಂದ 400ರೊಳಗೆ 60. ಆಮೇಲೆ 131, 183, 193...

"ಮಾವ, ಅದೇ ನಂಬರ್ ಬರ್ತಿದೆ!"

ಹೌದು, ಅದೇ ನಂಬರ್. ಗುಂಪಿನ ಅಗಲ ಮಾತ್ರ 100 ಇದ್ದದ್ದು 200 ಆಗಿದೆ. ಮೊದಲು ಒಂದು ಸೆಂಟಿಮೀಟರಿನಲ್ಲಿ ನಿಂತಿದ್ದ 193 ಅಣುಗಳಿಗೆ ಈಗ ಎರಡು ಸೆಂಟಿಮೀಟರ್ ಸಿಕ್ಕಿದೆ, ಅಷ್ಟಕ್ಕೆ ಎತ್ತರ ಅರ್ಧಕ್ಕೆ ಇಳಿಯಲೇಬೇಕು. ರೊಟ್ಟಿ ತಟ್ಟುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಉಂಡೆ ಅದೇ, ಅಗಲ ಮಾಡಿದಷ್ಟೂ ತೆಳ್ಳಗಾಗುತ್ತದೆ. ಒಂದು ವ್ಯತ್ಯಾಸ, ಈ ರೊಟ್ಟಿಯ ಎಡ ಅಂಚು ಸೊನ್ನೆಗೆ ಅಂಟಿಕೊಂಡಿದೆ. ಹಿಗ್ಗುವುದೆಲ್ಲ ಬಲಕ್ಕೆ. ಹೀಗಾಗಿ ಶಿಖರ ಬಲಕ್ಕೆ ಸರಿಯುವುದು, ತಗ್ಗುವುದು ಎರಡು ಬೇರೆ ಸಂಗತಿಗಳಲ್ಲ. ಹಿಗ್ಗುವುದೊಂದೇ ಕೆಲಸ. ಶಿಖರ ಎಷ್ಟು ಪಟ್ಟು ಬಲಕ್ಕೆ ಹೋಯಿತೋ ಸರಿಯಾಗಿ ಅಷ್ಟು ಪಾಲು ಕೆಳಗಿಳಿಯುತ್ತದೆ. ಉಷ್ಣತೆ ಇಮ್ಮಡಿಯಾದರೆ, ಅಂದರೆ 600 ಕೆಲ್ವಿನ್‌ಗೆ, ಶಿಖರ 1.41 ಪಟ್ಟು ದೂರ ಹೋಗಿ 597ರಲ್ಲಿ ನಿಲ್ಲುತ್ತದೆ, ಎತ್ತರ 1.41ರಿಂದ ಭಾಗವಾಗುತ್ತದೆ.

ಒಂದೇ ಗುಡ್ಡವನ್ನು ಹಿಗ್ಗಿಸುವುದು ಕುಗ್ಗಿಸುವುದು ಎಂದಾದ ಮೇಲೆ, ಅದನ್ನು ಬಿಸಿಯಿಂದಲೇ ಮಾಡಬೇಕೆಂದೇನೂ ಇಲ್ಲ. ಸೂತ್ರದಲ್ಲಿ ಕೆಳಗಡೆ ಅಣುವಿನ ತೂಕ ಕೂತಿದೆ. ಹೀಲಿಯಂ ಸಾರಜನಕಕ್ಕಿಂತ ಏಳು ಪಾಲು ಹಗುರ. ಜಾತ್ರೆಯ ಬಲೂನಿನೊಳಗೆ ತಣ್ಣಗೆ ಕೂತ ಹೀಲಿಯಮ್ಮಿನ ಗುಡ್ಡ 2100 ಕೆಲ್ವಿನ್‌ಗೆ ಕಾಯಿಸಿದ ಸಾರಜನಕದ ಗುಡ್ಡದಷ್ಟೇ ಚಪ್ಪಟೆ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ ಎರಡು ಗುಡ್ಡ ಕೊಟ್ಟು 'ಯಾವುದು ಬಿಸಿ' ಎಂದು ಕೇಳಿದರೆ, ಎರಡೂ ಒಂದೇ ಅನಿಲವೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಅವಳು ಬಿಸಿ ಗುಡ್ಡವನ್ನು ಅದೇ ಹಾಳೆಯ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಎಳೆದು ಚೌಕ ಎಣಿಸಿದಳು. 97 ಬಂತು. ಮತ್ತೆ ಎಣಿಸಿದಳು, ಮತ್ತೆ 97ರ ಹತ್ತಿರವೇ.

"ಮೂರು ಚೌಕ ಎಲ್ಲಿ ಹೋಯ್ತು?"

ಹಾಳೆಯ ಅಗಲ 18 ಸೆಂಟಿಮೀಟರ್. ಅಂದರೆ ಸೆಕೆಂಡಿಗೆ 1800 ಮೀಟರಿಗೆ ಹಾಳೆ ಮುಗಿಯಿತು. 1200 ಕೆಲ್ವಿನ್ನಲ್ಲಿ 1000ಕ್ಕೆ 28 ಅಣುಗಳು ಅದಕ್ಕಿಂತ ಜೋರಾಗಿ ಓಡುತ್ತವೆ. ಮೂರು ಚೌಕ ಮೇಜಿನ ಮೇಲೆ ಚೆಲ್ಲಿತ್ತು. ಇನ್ನೊಂದು ಹಾಳೆ ತಂದು ಟೇಪ್ ಅಂಟಿಸಿ ಬಾಲವನ್ನು ಮುಂದುವರಿಸಿದಳು. ಆ ಬಾಲ ಯಾವತ್ತೂ ತಳದ ಗೆರೆಯನ್ನು ಮುಟ್ಟುವುದಿಲ್ಲ, ಬರೀ ಹತ್ತಿರ ಹೋಗುತ್ತಿರುತ್ತದೆ.

ಈಗ ಎರಡು ಗುಡ್ಡಗಳನ್ನು ಒಟ್ಟಿಗೆ ಓದಬಹುದು. ಗೆರೆಗಳು ಒಂದೇ ಒಂದು ಕಡೆ, 700 ಮೀಟರಿನ ಹತ್ತಿರ, ಒಂದನ್ನೊಂದು ದಾಟುತ್ತವೆ. ಅದರ ಎಡಕ್ಕೆ ತಣ್ಣಗಿನ ಗೆರೆ ಮೇಲೆ, ಬಲಕ್ಕೆ ಬಿಸಿಯದು ಮೇಲೆ. 700ರ ಕೆಳಗೆ ತಣ್ಣಗಿದ್ದಾಗ 861 ಅಣುಗಳಿದ್ದವು, ಬಿಸಿಯಾದಾಗ 289. ವ್ಯತ್ಯಾಸ 572. ಎಡಗಡೆ ಎರಡು ಗೆರೆಗಳ ನಡುವೆ ಉಳಿದ ಜಾಗ ಅದು, ಬಲಗಡೆ ಎರಡು ಗೆರೆಗಳ ನಡುವಿನ ಜಾಗವೂ ಅಷ್ಟೇ. ಯಾರೂ ಸಾಯಲಿಲ್ಲ, ಯಾರೂ ಹುಟ್ಟಲಿಲ್ಲ. ಶಿಖರ ತಗ್ಗಿದ್ದು ನೋಡಿ ಅಣುಗಳೇ ಕಡಿಮೆಯಾದವು ಎಂದುಕೊಂಡರೆ ಈ ಬಲಗಡೆಯ ಜಾಗವನ್ನು ಮರೆತ ಹಾಗೆ.

ಹಾಗೆಂದು ನಿಧಾನದವು ಪೂರ್ತಿ ಮಾಯವಾಗುವುದೂ ಇಲ್ಲ. 400ರಿಂದ 500ರ ಗುಂಪಿನಲ್ಲಿ 193 ಇದ್ದದ್ದು 57ಕ್ಕೆ ಇಳಿಯಿತು, ಸೊನ್ನೆಯಾಗಲಿಲ್ಲ. ಕೆಂಪಗೆ ಕಾದ ಅನಿಲದಲ್ಲೂ ಯಾವುದೇ ಕ್ಷಣ ಕೆಲವು ಅಣುಗಳು ತೆವಳುತ್ತಿರುತ್ತವೆ. ಅವು ಸೋಮಾರಿ ಅಣುಗಳೆಂದಲ್ಲ. ಕೋಣೆಯ ಗಾಳಿಯಲ್ಲಿ ಒಂದು ಅಣು ಸೆಕೆಂಡಿಗೆ ಸುಮಾರು 700 ಕೋಟಿ ಸಲ ಬೇರೆಯವಕ್ಕೆ ಡಿಕ್ಕಿ ಹೊಡೆಯುತ್ತದೆ, ಪ್ರತಿ ಡಿಕ್ಕಿಗೂ ಅದರ ವೇಗ ಬದಲು. ಈಗ ಬಾಲದಲ್ಲಿರುವುದು ಇನ್ನೊಂದು ಕ್ಷಣಕ್ಕೆ ಶಿಖರದ ಕೆಳಗೆ. ಬಸ್ ನಿಲ್ದಾಣದಲ್ಲಿ ಜನ ಬದಲಾಗುತ್ತಲೇ ಇದ್ದರೂ ಗದ್ದಲ ಅಷ್ಟೇ ಇರುವಂತೆ, ಗುಡ್ಡ ಮಾತ್ರ ನಿಂತಲ್ಲೇ ನಿಂತಿರುತ್ತದೆ. (ಗಂಟೆಗೆ 1700 ಕಿಲೋಮೀಟರ್ ಸರಾಸರಿ ವೇಗ ಇದ್ದೂ ಅಡುಗೆಮನೆಯ ಒಗ್ಗರಣೆಯ ಘಾಟು ಪಡಸಾಲೆಗೆ ಬರಲು ಅಷ್ಟು ಹೊತ್ತು ಹಿಡಿಯುವುದೂ ಈ ಡಿಕ್ಕಿಗಳಿಂದಲೇ.)

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಗುಡ್ಡದ ಆಕಾರವನ್ನು 1859ರಲ್ಲಿ ಹೇಳಿದ್ದು, ಮುಂದಿನ ವರ್ಷ ಪ್ರಕಟಿಸಿದ್ದು. ಆಗ ಒಂದೇ ಒಂದು ಅಣುವಿನ ವೇಗವನ್ನೂ ಯಾರೂ ಅಳೆದಿರಲಿಲ್ಲ. ಒಂದು ದಿಕ್ಕಿನ ಓಟಕ್ಕೂ ಇನ್ನೊಂದು ದಿಕ್ಕಿನ ಓಟಕ್ಕೂ ಸಂಬಂಧವಿಲ್ಲ, ಎಲ್ಲ ದಿಕ್ಕುಗಳೂ ಸಮ ಎಂಬ ಎರಡೇ ಮಾತಿನಿಂದ ಅವರು ಅದನ್ನು ಹೊರಡಿಸಿದರು. ಅದಕ್ಕೆ ಗಟ್ಟಿ ಬುನಾದಿ ಹಾಕಿದವರು ಲುಡ್‌ವಿಗ್ ಬೋಲ್ಟ್ಸ್‌ಮನ್. ಅಳೆದು ನೋಡಲು ಅರವತ್ತು ವರ್ಷ ಕಾಯಬೇಕಾಯಿತು. 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಓಟೊ ಸ್ಟರ್ನ್ ಬೆಳ್ಳಿ ಲೇಪಿಸಿದ ಪ್ಲಾಟಿನಂ ತಂತಿಯನ್ನು ನಿರ್ವಾತದಲ್ಲಿ ಕಾಯಿಸಿ, ಹಾರಿಬಂದ ಬೆಳ್ಳಿಯ ಪರಮಾಣುಗಳನ್ನು ಸಣ್ಣ ಸೀಳುಗಳ ಮೂಲಕ ಹಾಯಿಸಿ ತಟ್ಟೆಯ ಮೇಲೆ ಬೀಳಿಸಿದರು. ಇಡೀ ಉಪಕರಣವನ್ನು ಗಿರಗಿರನೆ ತಿರುಗಿಸಿದಾಗ, ಪರಮಾಣು ದಾರಿಯಲ್ಲಿರುವಷ್ಟರಲ್ಲಿ ತಟ್ಟೆ ಸ್ವಲ್ಪ ಸರಿದಿರುತ್ತದೆ. ಬೆಳ್ಳಿಯ ಗುರುತು ಎಷ್ಟು ಜರುಗಿದೆ ಎಂದು ನೋಡಿ ವೇಗ ಹೇಳಬಹುದು.

ಇಲ್ಲೊಂದು ಸೂಕ್ಷ್ಮ ಇತ್ತು, ಅದನ್ನು ಐನ್‌ಸ್ಟೈನ್ ಎತ್ತಿ ತೋರಿಸಿದರು ಎಂದು ಸ್ಟರ್ನ್ ಆಮೇಲೆ ಬರೆದರು. ಪೆಟ್ಟಿಗೆಯೊಳಗಿನ ಅಣುಗಳ ಗಣತಿಯೇ ಬೇರೆ, ಕಿಂಡಿಯಿಂದ ಹೊರಬರುವವರ ಗಣತಿಯೇ ಬೇರೆ. ಜೋರಾಗಿ ಓಡುವವು ಕಿಂಡಿಯ ಬಳಿಗೆ ಹೆಚ್ಚು ಸಲ ಬರುತ್ತವೆ, ಹಾಗಾಗಿ ಹೊರಗೆ ಅವುಗಳ ಪಾಲು ಹೆಚ್ಚು. ಹೆದ್ದಾರಿಯ ಬದಿ ಕೂತು ಹಾದುಹೋಗುವ ವಾಹನ ಎಣಿಸುವವನಿಗೆ ಎತ್ತಿನಗಾಡಿಗಿಂತ ಕಾರೇ ಹೆಚ್ಚು ಸಿಕ್ಕ ಹಾಗೆ. ಕಿಂಡಿಯಾಚೆ ಶಿಖರ ಇರುವುದು ಪೆಟ್ಟಿಗೆಯ ಶಿಖರಕ್ಕಿಂತ 1.22 ಪಟ್ಟು ಬಲಕ್ಕೆ. ಈ ತಿದ್ದುಪಡಿ ಮಾಡದೆ ಓದಿದರೆ ಅನಿಲ ಇದ್ದದ್ದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಇಡೀ ಗುಡ್ಡವನ್ನು ನುಣುಪಾಗಿ, ಬಾಲದ ತನಕ ಅಳೆದು ತೋರಿಸಿದ್ದು 1955ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಮತ್ತು ಕುಶ್. ಸುರುಳಿ ಗಾಡಿ ಕೊರೆದ ಉರುಳೆಯೊಂದನ್ನು ತಿರುಗಿಸಿ, ತಕ್ಕ ವೇಗದ ಪರಮಾಣು ಮಾತ್ರ ಗಾಡಿಯ ಗೋಡೆಗೆ ತಗಲದೆ ಹಾಯುವಂತೆ ಮಾಡಿ, ಪೊಟ್ಯಾಸಿಯಂ ಮತ್ತು ಥ್ಯಾಲಿಯಂ ಆವಿಯಲ್ಲಿ ಅವರು ಮ್ಯಾಕ್ಸ್‌ವೆಲ್‌ನ ಗೆರೆಯನ್ನೇ ಕಂಡರು.

ಅಷ್ಟು ಹೊತ್ತಿಗೆ ಅಕ್ಕ ಕಾಫಿ ತಂದಿಟ್ಟಿದ್ದಳು. ಹುಡುಗಿ ಮತ್ತೆ ಪುಸ್ತಕ ತೆರೆದಳು. "ಇದರಲ್ಲಿ ಬರೀ ಹತ್ತು ಡಿಗ್ರಿ ಜಾಸ್ತಿ ಮಾಡಿದ್ದಕ್ಕೇ ಗುಡ್ಡ ಇಷ್ಟು ದೂರ ಹೋಗಿದೆಯಲ್ಲ?"

ಪುಸ್ತಕದ ಚಿತ್ರದಲ್ಲಿ ಅಡ್ಡಗೆರೆಯ ಮೇಲಿರುವುದು ವೇಗವಲ್ಲ, ಚಲನಶಕ್ತಿ ಎಂಬುದನ್ನು ಮೊದಲು ತೋರಿಸಿದೆ. ಆಕಾರ ಕೊಂಚ ಬೇರೆ, ತರ್ಕ ಒಂದೇ. ಆದರೆ ಅವಳ ಅನುಮಾನ ನಿಜ, ಚಿತ್ರ ಕಣ್ಣಿಗೆ ಕಾಣಲಿ ಎಂದು ಬಹಳ ಹಿಗ್ಗಿಸಿ ಬರೆದದ್ದು. ನಮ್ಮ ಹಾಳೆಯ ಮೇಲೆ 27 ಡಿಗ್ರಿಯಿಂದ 37ಕ್ಕೆ ಏರಿಸಿ ನೋಡಿದೆವು. ಶಿಖರ 422ರಿಂದ 429ಕ್ಕೆ ಹೋಯಿತು, ಅಂದರೆ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಕೆಳಗಿಳಿದದ್ದು ಮೂರು ಮಿಲಿಮೀಟರ್. ಮಗ್ಗುಲುಗಳಲ್ಲಿ ಎರಡು ಗೆರೆಗಳನ್ನು ಬೇರೆ ಮಾಡಿ ಎಳೆಯಲು ಅವಳು ಪೆನ್ಸಿಲನ್ನು ಎರಡು ಸಲ ಹೆರೆದಳು.

"ಇಷ್ಟಕ್ಕೆಲ್ಲ ರಿಯಾಕ್ಷನ್ ಡಬಲ್ ಆಗುತ್ತಾ?"

ಶಿಖರವನ್ನೇ ನೋಡುತ್ತಿದ್ದರೆ ಆಗಲಾರದು ಅನ್ನಿಸುತ್ತದೆ. ಕ್ರಿಯೆ ನಡೆಯಲು ಒಂದು ಮಟ್ಟದ ಶಕ್ತಿ ಬೇಕು, ಆ ಮಟ್ಟ ದಾಟಿದವು ಮಾತ್ರ ಲೆಕ್ಕಕ್ಕೆ. ಮೋಲ್ ಒಂದಕ್ಕೆ 50 ಕಿಲೋಜೌಲ್ ಎಂದು ಇಟ್ಟುಕೊಳ್ಳಿ, ಅನೇಕ ಕ್ರಿಯೆಗಳದು ಇದರ ಆಸುಪಾಸಿನಲ್ಲಿದೆ. ಸಾರಜನಕದ ಅಣುವಿಗೆ ಅಷ್ಟು ಶಕ್ತಿ ಬರಬೇಕಾದರೆ ಅದು ಸೆಕೆಂಡಿಗೆ 1890 ಮೀಟರ್ ಓಡಬೇಕು. (ಸಾರಜನಕ ಅಷ್ಟಕ್ಕೆಲ್ಲ ಒಲಿಯುವ ಅನಿಲವಲ್ಲ, ಇದು ಬಾಲವನ್ನು ಎಣಿಸಲು ಹಿಡಿದ ಅಳತೆಗೋಲು ಮಾತ್ರ.) ಆ ಜಾಗ ಮೊದಲ ಹಾಳೆಯ ಆಚೆ, ಟೇಪ್ ಅಂಟಿಸಿದ ಎರಡನೆಯ ಹಾಳೆಯಲ್ಲಿ ಬರುತ್ತದೆ. 27 ಡಿಗ್ರಿಯಲ್ಲಿ ಆ ಗೆರೆ ದಾಟುವವು 100 ಕೋಟಿ ಅಣುಗಳಿಗೆ ಸುಮಾರು 10. 37 ಡಿಗ್ರಿಯಲ್ಲಿ 19.

ಅವಳಿಗೆ ಅದನ್ನೂ ಹಾಳೆಯ ಮೇಲೆ ತೋರಿಸಬೇಕೆನ್ನಿಸಿತು. ಅಲ್ಲಿ ಗೆರೆಯ ಎತ್ತರ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿದೆವು. ಈಚೆ ಶಿಖರ 19.7 ಸೆಂಟಿಮೀಟರ್. ಅಲ್ಲಿ ಒಂದು ಮಿಲಿಮೀಟರಿನ ಐವತ್ತು ಸಾವಿರದ ಒಂದು ಪಾಲು. ಎರಡನೆಯ ಹಾಳೆಯ ಮೇಲೆ, 18.9 ಸೆಂಟಿಮೀಟರ್ ಬರುವ ಕಡೆ, ತಳದ ಗೆರೆಯ ಮೇಲೆ ಕೆಂಪು ಪೆನ್ಸಿಲ್‌ನಿಂದ ಒಂದು ಅಡ್ಡ ಗುರುತು ಹಾಕಿ, ಪಕ್ಕದಲ್ಲಿ ಬರೆದಳು: 'ಇಲ್ಲಿ 10 ಇದ್ದದ್ದು 19 ಆಗಿದೆ, ಕಾಣುವುದಿಲ್ಲ.'